ವಿಷಯ: ಎರಡನೇ ಸರ್ವರ್ ಅಳವಡಿಸಲು ಅನುದಾನ ಕೋರಿಕೆ

ಮಾನ್ಯ ಆಡಳಿತ ನಿರ್ದೇಶಕರಿಗೆ,

ಕಂಕನಾಡಿ ಕಚೇರಿಯಲ್ಲಿರುವ ನಮ್ಮ ಏಕೈಕ ಡೇಟಾಬೇಸ್ ಸರ್ವರ್ ಈ ಮಳೆಗಾಲದಲ್ಲಿ ಪದೇ ಪದೇ ಸ್ಥಗಿತಗೊಂಡಿದ್ದು, ಪ್ರತಿ ಸಲವೂ ಉಡುಪಿ ಮತ್ತು ಕುಂದಾಪುರ ಶಾಖೆಗಳ ಬಿಲ್ಲಿಂಗ್ ಕೂಡ ಅದರೊಂದಿಗೇ ನಿಂತುಹೋಗಿರುವುದು ತಮಗೆ ತಿಳಿದಿದೆ. ಒಮ್ಮೆ ಪವರ್ ಸಪ್ಲೈ ಸುಟ್ಟಿತು, ಇನ್ನೊಮ್ಮೆ ಮದರ್‌ಬೋರ್ಡ್ ಕೈಕೊಟ್ಟಿತು. ಕೆಟ್ಟ ಭಾಗಗಳನ್ನು ಬದಲಿಸಿದ್ದೇವೆ. ಒಂದೇ ಯಂತ್ರದ ಮೇಲಿನ ಅವಲಂಬನೆ ಮಾತ್ರ ಹಾಗೆಯೇ ಉಳಿದಿದೆ.

ಬ್ಯಾಕಪ್ ಇದೆಯಲ್ಲ ಎಂಬ ಪ್ರಶ್ನೆ ಕಳೆದ ಸಭೆಯಲ್ಲಿ ಬಂದಿತ್ತು. ಬ್ಯಾಕಪ್ ದತ್ತಾಂಶವನ್ನು ಉಳಿಸುತ್ತದೆ, ಸೇವೆಯನ್ನಲ್ಲ. ಅದನ್ನು ಮರುಸ್ಥಾಪಿಸಲು ಸುಸ್ಥಿತಿಯ ಯಂತ್ರವೊಂದು ಬೇಕು, ಮೇಲಾಗಿ ಹಿಂದಿನ ರಾತ್ರಿಯ ನಂತರದ ವಹಿವಾಟು ಅದರಲ್ಲಿರುವುದಿಲ್ಲ. ಒಂದೇ ಸರ್ವರಿನ ಹಲವು ಡಿಸ್ಕ್‌ಗಳಲ್ಲಿ ದತ್ತಾಂಶವನ್ನು ಇಡುವ ರೇಡ್ ವ್ಯವಸ್ಥೆ ಕೂಡ ಡಿಸ್ಕ್ ಕೆಟ್ಟಾಗ ಮಾತ್ರ ನೆರವಾಗುತ್ತದೆ.

ಆದ್ದರಿಂದ ಉಡುಪಿ ಶಾಖೆಯಲ್ಲಿ ಅಷ್ಟೇ ಸಾಮರ್ಥ್ಯದ ಎರಡನೇ ಸರ್ವರ್, ಪ್ರತಿ ವಹಿವಾಟನ್ನೂ ಅದಕ್ಕೆ ನಕಲಿಸುತ್ತಿರುವ ನಿರಂತರ ರೆಪ್ಲಿಕೇಶನ್ ಹಾಗೂ ಬೇರೆ ಕಂಪನಿಯ ಇಂಟರ್ನೆಟ್ ಸಂಪರ್ಕಕ್ಕಾಗಿ ₹9 ಲಕ್ಷ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟರೆ ಖರ್ಚು ತಗ್ಗುವುದು ನಿಜವಾದರೂ, ಆ ಕೋಣೆಯ ವಿದ್ಯುತ್ ಕೈಕೊಟ್ಟಾಗ ಎರಡೂ ನಿಲ್ಲುವುದರಿಂದ ಅದನ್ನು ನಾನು ಶಿಫಾರಸು ಮಾಡಲಾರೆ. ಮೂರು ತಿಂಗಳಿಗೊಮ್ಮೆ ಮುಖ್ಯ ಸರ್ವರನ್ನು ಬೇಕೆಂದೇ ನಿಲ್ಲಿಸಿ, ಎರಡನೆಯದು ಕೆಲಸ ವಹಿಸಿಕೊಳ್ಳುವುದನ್ನು ಪರೀಕ್ಷಿಸುವ ಹೊಣೆ ನಮ್ಮ ವಿಭಾಗದ್ದು. ದರಪಟ್ಟಿಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಕಾರ್ಯಾಚರಣೆ ವಿಭಾಗದ ಮುಖ್ಯಸ್ಥೆ, ಮಂಗಳೂರು