ಅತ್ತಿಗೆ, ನಿನ್ನೆ ರಾತ್ರಿಯ ಮೆಸೇಜ್ ಬಗ್ಗೆ

ಅತ್ತಿಗೆ, ಈಗ ನೀವು ಸ್ಕೂಲಲ್ಲಿರ್ತೀರಿ, ಫೋನ್ ಎತ್ತೋಕಾಗಲ್ಲ ಅಂತ ಬರೀತಿದೀನಿ. ಬಿಡುವಾದಾಗ ಓದಿ. ಸಂಜೆ ನಾನೇ ಫೋನ್ ಮಾಡ್ತೀನಿ, ಆದ್ರೆ ಅಲ್ಲೀವರೆಗೂ ಇದು ನಿಮ್ಮ ಮನಸ್ಸಲ್ಲಿ ಕೊರೀತಾ ಇರೋದು ಬೇಡ.

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಗುರುವಾರ ಅಂತ ನೀವು ರಾತ್ರಿ ಮನೆಯವರ ಗ್ರೂಪಲ್ಲಿ ಬರೆದಿದ್ದಕ್ಕೆ ನಾನು ಹಾಕಿದ್ದು ಇಷ್ಟು: “ತುಂಬಾ ಸಂತೋಷ. ಎಲ್ಲಾ ನೀವೇ ತೀರ್ಮಾನ ಮಾಡಿದೀರಲ್ಲ. ನಾನು ಬರೋ ಅಗತ್ಯ ಇಲ್ಲ ಹಾಗಾದ್ರೆ.” ಬೆಳಿಗ್ಗೆ ಅಣ್ಣ ಫೋನ್ ಮಾಡಿ, ನೀವು ರಾತ್ರಿ ಸರಿಯಾಗಿ ಊಟಾನೂ ಮಾಡ್ಲಿಲ್ಲ, ನಾನು ಚುಚ್ಚಿ ಮಾತಾಡಿದೀನಿ ಅಂದ್ಕೊಂಡಿದೀರಿ ಅಂದ. ತೆಗೆದು ಮತ್ತೆ ಓದಿದೆ. ನನಗೇ ಯಾರಾದ್ರೂ ಹಾಗೆ ಬರೆದಿದ್ರೆ ಕೊಂಕು ಅಂತಲೇ ಅನ್ಕೋತಿದ್ದೆ. ಕೆಳಗೆ ಚಿಕ್ಕಮ್ಮ ನಗೋ ಇಮೋಜಿ ಬೇರೆ ಹಾಕಿದಾರೆ. ಎಲ್ಲರ ಮುಂದೆ ಹಾಗಾಯ್ತಲ್ಲ, ನಿಮಗೆ ನೋವಾಗಿದ್ದು ಸಹಜ. ಅದಕ್ಕೆ ಕ್ಷಮಿಸಿ ಅತ್ತಿಗೆ.

ಕೊಂಕು ಖಂಡಿತ ಅಲ್ಲ. ಅಮ್ಮನ ಪೊರೆ ಆಪರೇಷನ್‌ಗೆ ಗುರುವಾರ ಗೊತ್ತಾಯ್ತು ಅಂತ ಓದಿದಾಗ ನನಗೆ ಆಗಿದ್ದು ನಿಜವಾದ ಸಂತೋಷ. ಕಳೆದ ಸಲ ನಾನು ಬಂದಿದ್ದಾಗ ಅಮ್ಮ ದೇವರ ಮುಂದೆ ದೀಪ ಹಚ್ತಿದ್ರು. ಕಡ್ಡಿ ಬತ್ತಿಗೆ ತಾಗ್ತಾನೇ ಇರ್ಲಿಲ್ಲ, ಪಕ್ಕಕ್ಕೆ ಹೋಗ್ತಿತ್ತು. ಬೆರಳು ಸುಡೋವರೆಗೂ ಹಿಡ್ಕೊಂಡು, ಆಮೇಲೆ ಇನ್ನೊಂದು ಕಡ್ಡಿ ಗೀರಿದ್ರು. ನಾನು ಹಚ್ಚಕ್ಕೆ ಹೋದ್ರೆ ಬಿಡ್ಲಿಲ್ಲ. ಅದು ನನ್ನ ಕಣ್ಣಿಂದ ಹೋಗಿರ್ಲಿಲ್ಲ.

“ಎಲ್ಲಾ ನೀವೇ” ಅಂದಿದ್ದೂ ಅಷ್ಟೇ. ಆಪರೇಷನ್ ಅಂದ್ರೆ ಸಾಕು ಎದ್ದು ಹೋಗ್ತಿದ್ದ ಅಮ್ಮನ್ನ ಕೂರಿಸ್ಕೊಂಡು ಒಪ್ಪಿಸಿದ್ದು ನೀವು. ಶುಗರ್ ಹತೋಟಿಗೆ ಬರೋವರೆಗೂ ಊಟ ತಿಂಡಿ ನೋಡ್ಕೊಂಡಿದ್ದು, ಲೆನ್ಸ್ ಪವರ್ ಅಳೆಯೋ ಟೆಸ್ಟಿಗೆ ಕರ್ಕೊಂಡು ಹೋಗಿದ್ದು, ಈಗ ನಿಮ್ಮ ಸಿ.ಎಲ್. ಖರ್ಚು ಮಾಡ್ತಿರೋದು, ಎಲ್ಲಾ ನೀವೇ. ಹೆತ್ತ ಮಗಳು ನಾನು, ಇದೇ ಊರಲ್ಲಿದ್ದೂ ಇದ್ಯಾವುದಕ್ಕೂ ಕೈ ಹಾಕಕ್ಕಾಗ್ಲಿಲ್ಲ. ಆ ಋಣ ನನಗೆ ಗೊತ್ತಿದೆ.

ತಾರೀಖು ನನ್ನನ್ನ ಕೇಳದೆ ಗೊತ್ತು ಮಾಡಿದ್ರಿ ಅಂತ ನನಗೆ ಸಿಟ್ಟು ಬಂದಿದೆ ಅಂತ ನಿಮಗೆ ಅನ್ನಿಸಿರಬಹುದು. ಇಲ್ಲವೇ ಇಲ್ಲ. ಅಮ್ಮನ ಆರೋಗ್ಯದ ವಿಷಯದಲ್ಲಿ ನೀವು ತಗೊಂಡ ತೀರ್ಮಾನವೇ ನನ್ನದೂ. ನಿಮ್ಮ ಮೇಲೆ ಬೇಜಾರಿದ್ರೆ ನಿಮ್ಮ ಹತ್ತಿರಾನೇ ಬಂದು ಹೇಳ್ತೀನಿ, ನಾಲ್ಕು ಜನ ಓದೋ ಕಡೆ ಅಲ್ಲ. ಊರಿನ ಸೈಟ್ ವಿಷಯ ಬಂದಾಗ ಅಡುಗೆಮನೇಲಿ ನಿಂತು ಮುಖಕ್ಕೇ ಹೇಳಿದ್ದೆ, ನೀವೂ ಹೇಳಿದ್ರಿ, ಇಬ್ಬರೂ ಕಾಫಿ ಕುಡಿದು ಎದ್ವಿ. ನಮ್ಮ ನಡುವೆ ಅದು ಹಾಗೇ ಇರ್ಲಿ.

“ಬರೋ ಅಗತ್ಯ ಇಲ್ಲ” ಅಂದಿದ್ದು, ನೀವೇ “ಆಫೀಸಲ್ಲಿ ಆಡಿಟ್ ಇದೆ ಅಂದಿದ್ಯಲ್ಲ, ನೀನು ರಜಾ ಹಾಕ್ಬೇಡ” ಅಂತ ಬರೆದಿದ್ರಲ್ಲ, ಅದಕ್ಕೆ. ಕೈ ತೊಳ್ಕೊಂಡೆ ಅಂತಲ್ಲ. ಗುರುವಾರ ಆಡಿಟ್ ಬಿಟ್ಟು ಬರಕ್ಕಾಗಲ್ಲ, ಆದ್ರೆ ಸಂಜೆ ಆಫೀಸಿಂದ ನೇರ ನಿಮ್ಮಲ್ಲಿಗೇ ಬಂದು ಭಾನುವಾರದವರೆಗೂ ಇರ್ತೀನಿ. ಕಾಡುಗೋಡೀಲಿ ಮೆಟ್ರೋ ಹತ್ತಿದ್ರೆ ವಿಜಯನಗರದಲ್ಲೇ ಇಳಿಯೋದು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸೋ ರಗಳೆ ಇಲ್ಲ, ಹಾಗಾಗಿ ಅಣ್ಣ ಕಾರ್ ತರೋದು ಬೇಡ. ಶುಕ್ರವಾರ ಕಟ್ಟು ಬಿಚ್ಚಿಸೋಕೆ ನಾನು ಕರ್ಕೊಂಡು ಹೋಗ್ತೀನಿ, ನೀವು ಸ್ಕೂಲಿಗೆ ಹೋಗಿ. ಡ್ರಾಪ್ಸ್ ಹಾಕೋದು, ಅಮ್ಮ ಬಗ್ಗಿ ಏನೂ ಎತ್ತದ ಹಾಗೆ, ಕಣ್ಣು ಉಜ್ಜದ ಹಾಗೆ, ಮುಖಕ್ಕೆ ನೀರು ಹಾಕ್ಕೊಳ್ಳದ ಹಾಗೆ ಕಾಯೋದು ಆ ದಿನಗಳಲ್ಲಿ ನನ್ನ ಪಾಲು. ತಲೆಗೆ ಸ್ನಾನ ಮಾಡ್ತೀನಿ ಅಂತ ಹಟ ಮಾಡೇ ಮಾಡ್ತಾರೆ, ಅದನ್ನೂ ನನಗೇ ಬಿಡಿ.

ಎಲ್ಲರೂ ಓದಿರೋದ್ರಿಂದ ಗ್ರೂಪಲ್ಲೂ ಈಗ ಇದನ್ನ ಹಾಕ್ತಿದೀನಿ: “ನಿನ್ನೆ ನಾನು ಬರೆದಿದ್ದು ತಮಾಷೆಯೂ ಅಲ್ಲ, ಕೊಂಕೂ ಅಲ್ಲ. ಅಮ್ಮನ ಆಪರೇಷನ್‌ಗೆ ಅತ್ತಿಗೆ ಒಬ್ಬರೇ ಓಡಾಡಿ ಎಲ್ಲಾ ಏರ್ಪಾಡು ಮಾಡಿದಾರೆ. ಅದಕ್ಕೆ ನನಗೆ ನಿಜವಾಗಲೂ ಸಂತೋಷ ಆಗಿದೆ. ಅವರಿಗೆ ಥ್ಯಾಂಕ್ಸ್ ಹೇಳಕ್ಕೆ ಹೊರಟಿದ್ದೆ.” ಚಿಕ್ಕಮ್ಮನಿಗೆ ಬೇರೆ ಫೋನ್ ಮಾಡಿ ಹೇಳ್ತೀನಿ, ನೀವು ಅಲ್ಲಿ ಏನೂ ಉತ್ತರ ಕೊಡಬೇಕಾಗಿಲ್ಲ.

ಇನ್ನೂ ಬೇಜಾರಿದ್ರೆ ಸಂಜೆ ಬೈದುಬಿಡಿ, ಕೇಳ್ಕೋತೀನಿ. ಶುಕ್ರವಾರ ಆಸ್ಪತ್ರೆಗೆ ಎಷ್ಟು ಗಂಟೆಗೆ ಬರಕ್ಕೆ ಹೇಳಿದಾರೆ, ಫೈಲ್ ಎಲ್ಲಿಟ್ಟಿರ್ತೀರಿ, ಅಷ್ಟು ಮಾತ್ರ ಈಗ ತಿಳಿಸಿ. ಅವತ್ತಿನ ರಜಾ ಇವತ್ತೇ ಬರ್ಕೊಡ್ಬೇಕು.