ವಿಷಯ: ಶನಿವಾರದ ಮೀಟಿಂಗ್ (17 ಜನವರಿ): ನಿಮ್ಮ ಹೆಸರು ಎಲ್ಲಿದೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ,

ನಿನ್ನೆ ರಾತ್ರಿ ಕಳಿಸಿದ ಮೇಲ್ ಬಿಟ್ಟುಬಿಡಿ. ಯಾರು ಏನಂದರು ಅಂತ ಮೂರು ಪುಟ ಬರೆದಿದ್ದೆ. ಬೆಳಿಗ್ಗೆ ಬಸುಗೆ ಫೋನ್ ಮಾಡಿ ಲೇಬಲ್ ಎಲ್ಲಿಗೆ ಬಂತು ಅಂದರೆ "ಯಾವ ಲೇಬಲ್?" ಅಂದ. ತಪ್ಪು ಅವನದಲ್ಲ, ಅವನ ಕೆಲಸ ಎರಡನೇ ಪುಟದ ಕೊನೆಗೆ, ಮಿರ್ಚಿ-ಮಂಡಕ್ಕಿ ಖರ್ಚಿನ ಕೆಳಗೆ ಕೂತಿತ್ತು. ಈಗ ಹೆಸರು ಮೊದಲು, ಆಮೇಲೆ ದಿನ, ಆಮೇಲೆ ಕೆಲಸ.

ಬಸು: 20, ಮಂಗಳವಾರ ಸಂಜೆಯೊಳಗೆ. ಖಾರದ ಪುಡಿಯ ಹೊಸ ಲೇಬಲ್ ಪ್ರೆಸ್ಸಿಗೆ ಹೋಗಬೇಕು. ಎಫ್‌ಎಸ್‌ಎಸ್‌ಎಐ ನಂಬರ್ 14 ಅಂಕಿ. ಹೋದ ಸಲ 13 ಅಂಕಿ ಅಚ್ಚಾಗಿ 2,000 ಲೇಬಲ್ ರದ್ದಿಗೆ ಹೋದವು, ನೆನಪಿದೆ ಅಲ್ವಾ? ಸುನೀತಾ ಓದಲಿ, ನೀನು ಬೆರಳಿಟ್ಟು ಎಣಿಸು.

ಶಾಂತಕ್ಕ: 21, ಬುಧವಾರ. ಮಂಜಣ್ಣನ ಖಾತೆಗೆ ಮೆಣಸಿನಕಾಯಿ ದುಡ್ಡು. ಗಿರಿಜಕ್ಕನ ಕೈಗೆ ಕೂಲಿಯ ನಗದು.

ಮಂಜಣ್ಣ: 22, ಗುರುವಾರ. ಬ್ಯಾಡಗಿಯಿಂದ ಕಡ್ಡಿ 6 ಕ್ವಿಂಟಲ್, ಡಬ್ಬಿ 2 ಕ್ವಿಂಟಲ್. ಮುಂದಕ್ಕೆ ಹಾಕಬೇಡಿ. ಮಾರ್ಕೆಟ್ ನಡೆಯೋದು ಸೋಮವಾರ, ಗುರುವಾರ. ಮುಂದಿನ ಸೋಮವಾರ 26, ಗಣರಾಜ್ಯೋತ್ಸವದ ರಜೆ. ಚೀಲದ ಬಾಯಲ್ಲಿರೋ ಕಾಯಿ ನೋಡಿ ಒಪ್ಪಬೇಡಿ, ಮೊಳಕೈವರೆಗೆ ಕೈ ಹಾಕಿ ನಡುವಿನಿಂದ ಒಂದು ಹಿಡಿ ತೆಗೀರಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಹೋದ ವರ್ಷ ಒಂದೇ ಒಂದು ಹಸಿ ಚೀಲ ಬಂದು, ಬೂಜು ಹಿಡಿದು, ಪಕ್ಕದ ಮೂರು ಚೀಲವನ್ನೂ ಕೆಡಿಸಿತು. ಆ ಚೀಲ ಆರಿಸಿದ್ದು ನಾನೇ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ದರ ನಾವು ಮಾತಾಡಿದ್ದಕ್ಕಿಂತ ಮೇಲೆ ಹೋದರೆ ಶಾಂತಕ್ಕಗೆ ಫೋನ್ ಮಾಡಿ, ಆಮೇಲೆ ಹೂಂ ಅನ್ನಿ.

ಗಿರಿಜಕ್ಕ: 24, ಶನಿವಾರದಿಂದ. ತೊಟ್ಟು ಬಿಡಿಸೋಕೆ ನಾಲ್ಕು ಜನ. ಕೂಲಿ ದಿನಾ ಸಂಜೆ ಕೊಡೋದು, ವಾರಕ್ಕೊಮ್ಮೆ ಬೇಡ ಅಂತ ನೀವು ಹೇಳಿದ್ದು ಸರಿ, ಎಲ್ಲರೂ ಒಪ್ಪಿದ್ದಾರೆ.

ವೀರೇಶ (ನಾನು): 23, ಶುಕ್ರವಾರ. ಗಿರಣಿಯ ಬೆಲ್ಟ್ ಬದಲು.

ಸುನೀತಾ: ಬಸು ಜೊತೆ ಆ 14 ಅಂಕಿ, ಅಷ್ಟೇ. ಈ ವಾರ ಬೇರೆ ಏನೂ ಇಲ್ಲ.

ಕೆಲಸ ಮುಗೀತು, ಕೆಳಗಿರೋದು ತೀರ್ಮಾನ. ಶೇಂಗಾ ಚಟ್ನಿಯ 250 ಗ್ರಾಂ ಪ್ಯಾಕ್ ಫೆಬ್ರವರಿಯಿಂದ ಬಂದ್, 100 ಮತ್ತು 500 ಮಾತ್ರ. ಧಾರವಾಡದ ಅಂಗಡಿಗಳಿಗೆ ಉದ್ರಿ 15 ದಿನ, ಎಷ್ಟೇ ಹಳೇ ಪರಿಚಯ ಇದ್ದರೂ. ಆನ್‌ಲೈನ್ ಮಾರಾಟದ ವಿಷಯ ಒಂದು ತಾಸು ಮಾತಾಡಿದೆವು, ಏನೂ ತೀರ್ಮಾನ ಆಗಲಿಲ್ಲ. 31ರ ಮೀಟಿಂಗ್‌ಗೆ ಇಟ್ಟುಕೊಳ್ಳೋಣ, ಬೆಳಿಗ್ಗೆ 11ಕ್ಕೆ, ಗೋಕುಲ ರಸ್ತೆಯ ಗೋಡೌನ್‌ನಲ್ಲೇ.

ನಿಮ್ಮ ಹೆಸರಿನ ಮುಂದಿನ ದಿನ ಆಗಲ್ಲ ಅಂದರೆ ಇವತ್ತೇ ನನಗೆ ಫೋನ್ ಮಾಡಿ.

ವೀರೇಶ
ಹುಬ್ಬಳ್ಳಿ, 18 ಜನವರಿ