ಹುಬ್ಬಳ್ಳಿ ಟೂರ್ ಬಿಲ್: ನಿಮ್ಮ ಅಪ್ರೂವಲ್‌ಗೆ

ಸರ್, ನಮಸ್ಕಾರ.

ಡೀಲರ್ ಮೀಟಿಂಗಿಗೆಂದು ಕಳೆದ ತಿಂಗಳು ಹುಬ್ಬಳ್ಳಿಗೆ ಹೋಗಿ ಬಂದೆನಲ್ಲ, ಅದರ ಖರ್ಚಿನ ಕ್ಲೇಮ್ ಈ ತಿಂಗಳ 2ಕ್ಕೆ ಹಾಕಿದ್ದೆ. ಒಟ್ಟು ₹10,890. ಪೋರ್ಟಲ್‌ನಲ್ಲಿ ಇವತ್ತಿಗೂ "Pending with Manager" ಅಂತಲೇ ತೋರಿಸುತ್ತಿದೆ. ಕ್ವಾರ್ಟರ್ ಕ್ಲೋಸಿಂಗ್ ಗಡಿಬಿಡಿಯಲ್ಲಿ ಆ ಮೇಲ್ ಕೆಳಗೆಲ್ಲೋ ಹೋಗಿರಬಹುದು, ಅದಕ್ಕೇ ಲಿಂಕ್ ಮತ್ತೆ ಕಳಿಸಿದ್ದೇನೆ.

ಅಕೌಂಟ್ಸ್‌ನಲ್ಲಿ ವಿಚಾರಿಸಿದೆ. 25ರೊಳಗೆ ಅಪ್ರೂವ್ ಆದದ್ದು ಈ ಸಂಬಳದ ಜೊತೆಗೇ ಬರುತ್ತದಂತೆ, ಇಲ್ಲವಾದರೆ ಮುಂದಿನ ತಿಂಗಳಿಗೆ. ಆ ತಾರೀಖಿನೊಳಗೆ ಒಮ್ಮೆ ನೋಡಿಬಿಟ್ಟರೆ ಅನುಕೂಲ.

ನೀವು ಕೇಳಬಹುದಾದ್ದು ಒಂದೇ, ಧಾರವಾಡಕ್ಕೆ ಹೋಗಿಬಂದ ಟ್ಯಾಕ್ಸಿಯ ₹1,800. ಡ್ರೈವರ್ ಹತ್ತಿರ ಬಿಲ್ ಬುಕ್ ಇರಲಿಲ್ಲ. ತನ್ನ ವಿಸಿಟಿಂಗ್ ಕಾರ್ಡಿನ ಹಿಂದೆ ಮೊತ್ತ, ಗಾಡಿ ನಂಬರ್ ಬರೆದು ಸೈನ್ ಹಾಕಿ ಕೊಟ್ಟ. (ಅಕ್ಷರ ಡಾಕ್ಟರ ಚೀಟಿಯ ಹಾಗಿದೆ, ಆದರೆ ನಂಬರ್ ಓದಬಹುದು.) ಅದರ ಫೋಟೋ, ಯುಪಿಐ ಸ್ಕ್ರೀನ್‌ಶಾಟ್ ಎರಡನ್ನೂ ಸೇರಿಸಿದ್ದೇನೆ. ಅದಕ್ಕೆ ಆಡಿಟ್‌ನವರ ತಕರಾರು ಬರಬಹುದು ಅನ್ನಿಸಿದರೆ, ಆ ಒಂದು ಐಟಂ ತಡೆಹಿಡಿದು ಉಳಿದ ₹9,090 ಪಾಸ್ ಮಾಡಿ ಸರ್. ಲಾಡ್ಜ್ ಬಿಲ್‌ನಲ್ಲಿ ನಮ್ಮ ಕಂಪನಿಯ ಜಿಎಸ್‌ಟಿ ನಂಬರೇ ಇದೆ, ರೈಲು ಟಿಕೆಟ್, ಊಟದ ಬಿಲ್ ಕೂಡ ಸರಿಯಾಗಿವೆ.

ಏನಾದರೂ ಕೇಳುವುದಿದ್ದರೆ ನಾಳೆ ರಿವ್ಯೂ ಮುಗಿದ ಮೇಲೆ ನಿಮ್ಮ ಕ್ಯಾಬಿನ್‌ಗೇ ಬರುತ್ತೇನೆ. ಒರಿಜಿನಲ್ ಬಿಲ್ಲುಗಳು ನನ್ನ ಡ್ರಾಯರ್‌ನಲ್ಲಿವೆ.